ಶೀಟಲ್ಲಿ 13,528, ಬ್ಯಾಂಕಿನ ಚೀಟಿಯಲ್ಲಿ 13,045: ಕಂತಿನ ಲೆಕ್ಕ ಎಲ್ಲಿ ತಪ್ಪಿತು?

ಓದುಗರ ಪ್ರಶ್ನೆ: ಸರ್, ಮಲ್ಪೆಯಿಂದ ಮೀನು ಸಾಗಿಸ್ಲಿಕ್ಕೆ ಒಂದು ಪಿಕಪ್ ಗಾಡಿ ತೆಗಿಬೇಕು ಅಂತಿದ್ದೇನೆ. 6 ಲಕ್ಷ ಸಾಲ, 5 ವರ್ಷ. ಬ್ಯಾಂಕಿನಲ್ಲಿ 11% ಬಡ್ಡಿ, ತಿಂಗಳ ಕಂತು 13,045 ಅಂತ ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಒಂದು ಫೈನಾನ್ಸಿನವರು 7% ಫ್ಲಾಟ್, ಕಂತು 13,500 ಅಂತಾರೆ. ನಾನೇ ಶೀಟಲ್ಲಿ B1ಗೆ ಬಡ್ಡಿ, B2ಗೆ ವರ್ಷ, B3ಗೆ ಅಸಲು ಹಾಕಿ =PMT(B1,B2,B3)/12 ಮಾಡಿದೆ, -13,528.52 ಬಂತು. ಒಟ್ಟು ಬಡ್ಡಿ ನೋಡುವ ಅಂತ ಅದನ್ನು 60ರಿಂದ ಗುಣಿಸಿ 6 ಲಕ್ಷ ಕಳೆದ್ರೆ -14,11,711 ಬರ್ತದೆ, ಇದೆಂತ? ಬ್ಯಾಂಕಿನವರು ಈಗ ಕಡಿಮೆ ತೋರಿಸಿ ಆಮೇಲೆ ಏರಿಸ್ತಾರಾ? ಫೈನಾನ್ಸೇ ಒಳ್ಳೆದಾ?

ಉತ್ತರ: ಬ್ಯಾಂಕಿನ 13,045 ಸರಿಯೇ ಉಂಟು, ಅದರಲ್ಲಿ ಯಾರೂ ಎಂತದೂ ಮುಚ್ಚಿಟ್ಟದ್ದಲ್ಲ. ತಪ್ಪಿದ್ದು ನಿಮ್ಮ ಫಾರ್ಮುಲಾ, ಅದೂ ಆ ಕೊನೆಯ /12 ಇರುವ ಜಾಗ. ಸಣ್ಣದು ಅಂತ ಕಾಣ್ತದೆ, ಆದ್ರೆ ನಿಮ್ಮ ವಿಷಯದಲ್ಲಿ ಅದು ತೀರ್ಮಾನವನ್ನೇ ತಿರುಗಿಸಿ ಹಾಕಿದೆ ನೋಡಿ. 13,528ನ್ನು ಇಟ್ಕೊಂಡು ನೋಡಿದ್ರೆ ಫೈನಾನ್ಸಿನ 13,500 ಅಗ್ಗ, ಸರಿಯಾದ 13,045 ಇಟ್ಕೊಂಡು ನೋಡಿದ್ರೆ ಅದೇ ಫೈನಾನ್ಸು ತಿಂಗಳಿಗೆ 455 ರೂಪಾಯಿ ಜಾಸ್ತಿ, 60 ತಿಂಗಳಿಗೆ ಒಟ್ಟು 27 ಸಾವಿರದ ಮೇಲೆ. ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ತುಂಬ ವರ್ಷ ಕೂತವನು, ಇದೇ ತಪ್ಪನ್ನು ಮಾಡಿಕೊಂಡು ಕೌಂಟರಿಗೆ ಬಂದು ಜಗಳ ಆಡಿದವರನ್ನೂ ನೋಡಿದ್ದೇನೆ, ಜಗಳ ಆಡದೆ ಸುಮ್ಮನೆ ಹೋಗಿ ದುಬಾರಿ ಸಾಲಕ್ಕೆ ಸೈನ್ ಹಾಕಿ ಬಂದವರನ್ನೂ ನೋಡಿದ್ದೇನೆ. ಎರಡನೆಯವರನ್ನು ನೆನಸಿಯೇ ನನಗೆ ಬೇಜಾರಾಗುದು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ತಾಳ್ಮೆಯಿಂದ ಓದಿ.

PMT ಅಂದ್ರೆ ಕಂತಿನ ಲೆಕ್ಕ ಹಾಕುವ ಫಾರ್ಮುಲಾ, ಅದಕ್ಕೆ ವರ್ಷ, ತಿಂಗಳು ಅಂತೆಲ್ಲ ಗೊತ್ತಿಲ್ಲ. ಅದಕ್ಕೆ ಗೊತ್ತಿರುದು ಕಂತು ಅಂತ ಒಂದೇ. ನೀವು ಕೊಟ್ಟ ಬಡ್ಡಿ ಒಂದು ಕಂತಿನ ಅವಧಿಯದ್ದು, ನೀವು ಕೊಟ್ಟ ಅಂಕಿ ಕಂತುಗಳ ಸಂಖ್ಯೆ ಅಂತ ಅದು ತಿಳ್ಕೊಳ್ತದೆ. ನೀವು 11% ಮತ್ತು 5 ಅಂತ ಕೊಟ್ಟಾಗ ಅದು ತಿಳ್ಕೊಂಡದ್ದು ಏನು ಗೊತ್ತುಂಟಾ, ಈ ಮನುಷ್ಯ ವರ್ಷಕ್ಕೆ ಒಂದೇ ಸಲ ಕಟ್ತಾನೆ, ಒಟ್ಟು ಐದು ಸಲ, ಹನ್ನೆರಡು ತಿಂಗಳು ಒಂದು ಪೈಸೆ ಕೊಡುದಿಲ್ಲ ಅಂತ. ಆಗ ಮೊದಲ ವರ್ಷ ಪೂರ್ತಿ 6 ಲಕ್ಷದ ಮೇಲೆ 11%, ಅಂದ್ರೆ 66,000 ಬಡ್ಡಿ ಬೀಳ್ತದೆ. ಅದರ ಉತ್ತರ 1,62,342, ಅದು ವರ್ಷದ ಕಂತು. ಅದನ್ನು ನೀವು ಆಮೇಲೆ 12ರಿಂದ ಭಾಗಿಸಿದ್ರಿ. ಭಾಗಿಸಿದ್ದರಿಂದ ಅದು ತಿಂಗಳ ಕಂತು ಆಗುದಿಲ್ಲ, ವರ್ಷದ ಕಂತಿನ ಹನ್ನೆರಡನೇ ಒಂದು ಭಾಗ ಆಗ್ತದೆ ಅಷ್ಟೆ.

ನಿಜವಾಗಿ ನೀವು ಕಟ್ಟುದು ಪ್ರತಿ ತಿಂಗಳು. ಮೊದಲ ತಿಂಗಳು 6 ಲಕ್ಷಕ್ಕೆ ಬಡ್ಡಿ 5,500 ಆಗ್ತದೆ, ನೀವು 13,045 ಕಟ್ತೀರಿ, ಉಳಿದ 7,545 ಅಸಲಿಗೆ ಹೋಗ್ತದೆ. ಎರಡನೇ ತಿಂಗಳಿನ ಬಡ್ಡಿ ಆ ಕಡಿಮೆ ಆದ ಅಸಲಿನ ಮೇಲೆ, ಸುಮಾರು 5,431. ಹೀಗೆ ತಿಂಗಳು ತಿಂಗಳು ಬಡ್ಡಿ ಇಳೀತಾ ಹೋಗಿ ಮೊದಲ ವರ್ಷದ ಒಟ್ಟು ಬಡ್ಡಿ ಸುಮಾರು 61,300ಕ್ಕೆ ನಿಲ್ತದೆ, 66,000 ಅಲ್ಲ. ನಮ್ಮ ಉಡುಪಿಯ ಜನಕ್ಕೆ ಇದನ್ನು ಹೇಳಿಕೊಡಬೇಕಾದ್ದೇ ಇಲ್ಲ, ಪಿಗ್ಮಿ ಹುಟ್ಟಿದ್ದೇ ಇಲ್ಲಿ, ದಿನಾ ಅಂಗಡಿಗೆ ಬಂದು ಸಣ್ಣ ಸಣ್ಣ ಮೊತ್ತ ಒಟ್ಟು ಮಾಡುವ ಕ್ರಮ. ದುಡ್ಡು ಎಷ್ಟು ಅನ್ನುದರಷ್ಟೇ ಮುಖ್ಯ ಅದು ಯಾವಾಗ ಕೈ ಬದಲಾಯಿತು ಅನ್ನುದು. ಸಾಲದಲ್ಲೂ ಅದೇ, ಬೇಗ ತಲುಪಿದ ದುಡ್ಡು ಅಷ್ಟು ದಿನದ ಬಡ್ಡಿ ಉಳಿಸ್ತದೆ.

ಹಾಗಾಗಿ 12ನ್ನು ಫಾರ್ಮುಲಾದ ಹೊರಗೆ ಇಡುದಲ್ಲ, ಒಳಗೆ ಎರಡು ಕಡೆ ಇಡಬೇಕು. ಬಡ್ಡಿಯನ್ನು 12ರಿಂದ ಭಾಗಿಸಿ, ವರ್ಷವನ್ನು 12ರಿಂದ ಗುಣಿಸಿ.

```
B1   11%
B2   5
B3   600000
B4   =-PMT(B1/12,B2*12,B3)
B5   =B4*B2*12-B3
```

B4ರಲ್ಲಿ 13,045.45, B5ರಲ್ಲಿ ಒಟ್ಟು ಬಡ್ಡಿ 1,82,727 ಬರ್ತದೆ. ಎರಡು ಕಡೆಯೂ ಒಟ್ಟಿಗೆ ಬದಲಾಗ್ಬೇಕು, ಇದು ನೆನಪಿರ್ಲಿ. ಬಡ್ಡಿಯನ್ನು ಮಾತ್ರ ಭಾಗಿಸಿ ವರ್ಷವನ್ನು 5 ಅಂತಲೇ ಬಿಟ್ರೆ ಅದು ಐದೇ ತಿಂಗಳಲ್ಲಿ ಸಾಲ ತೀರಿಸುವ ಲೆಕ್ಕ, ಕಂತು ಲಕ್ಷದ ಮೇಲೆ ಹೋಗ್ತದೆ. ವರ್ಷವನ್ನು ಮಾತ್ರ 60 ಮಾಡಿ ಬಡ್ಡಿಯನ್ನು ಹಾಗೇ ಬಿಟ್ರೆ ತಿಂಗಳಿಗೆ 11% ಬಡ್ಡಿ ಅಂತ ಆಗಿ ಕಂತು 66 ಸಾವಿರ ದಾಟ್ತದೆ. ಈ ಎರಡು ತಪ್ಪು ಕಣ್ಣಿಗೆ ಹೊಡೀತದೆ, ಯಾರಾದ್ರೂ ನೋಡಿದ ಕೂಡಲೆ ಇದು ಆಗ್ಲಿಕ್ಕಿಲ್ಲ ಅಂತ ಹೇಳ್ತಾರೆ. ನೀವು ಮಾಡಿದ ತಪ್ಪು ಹಾಗಲ್ಲ, ಅದು ಕೊಡುವ ಅಂಕಿ ಸರಿಯಾದ್ದಕ್ಕೆ ತುಂಬಾ ಹತ್ತಿರ ಇರ್ತದೆ, ಅದಕ್ಕೇ ಅದು ಹೆಚ್ಚು ಅಪಾಯ.

ಇನ್ನೊಂದು, B1ರಲ್ಲಿ 11 ಅಂತ ಮಾತ್ರ ಬರೆದು ಪರ್ಸೆಂಟ್ ಚಿಹ್ನೆ ಬಿಟ್ರೆ ಕಂತು 5,50,000 ಅಂತ ಬರ್ತದೆ, ಯಾಕಂದ್ರೆ ಶೀಟಿಗೆ 11 ಅಂದ್ರೆ 1100%. B2ರಲ್ಲಿ "5 ವರ್ಷ" ಅಂತ ಅಕ್ಷರ ಸೇರಿಸಿ ಬರೆದ್ರೆ #VALUE! ಬರ್ತದೆ. ಅಂಕಿಯ ಸೆಲ್ಲಿನಲ್ಲಿ ಅಂಕಿ ಮಾತ್ರ ಇರ್ಲಿ, ವಿವರವನ್ನು ಪಕ್ಕದ A ಕಾಲಮ್ಮಿನಲ್ಲಿ ಬರೀರಿ.

ಈಗ ಆ ಮೈನಸ್. ಅದು ತಪ್ಪಲ್ಲ, ಹೆದರಬೇಡಿ. ಈ ಫಾರ್ಮುಲಾಗಳು ನಿಮ್ಮ ಕಿಸೆಯ ಕಡೆಯಿಂದ ನೋಡ್ತವೆ, ಒಳಗೆ ಬಂದ ದುಡ್ಡು ಪ್ಲಸ್, ಹೊರಗೆ ಹೋದ ದುಡ್ಡು ಮೈನಸ್. 6 ಲಕ್ಷ ನಿಮಗೆ ಬಂತು, ಅದಕ್ಕೆ ಪ್ಲಸ್. ಕಂತು ನಿಮ್ಮಿಂದ ಹೋಗ್ತದೆ, ಅದಕ್ಕೆ ಮೈನಸ್. ಕೆಲವು ಸಲ ಕೆಂಪು ಬಣ್ಣದಲ್ಲೋ ಬ್ರಾಕೆಟ್ಟಿನಲ್ಲೋ ತೋರಿಸ್ತದೆ, ಅರ್ಥ ಒಂದೇ. ತೊಂದರೆ ಆದದ್ದು ನೀವು ಆ ಮೈನಸ್ ಅಂಕಿಯಿಂದ ಮತ್ತೆ 6 ಲಕ್ಷ ಕಳೆದಾಗ. ಮೈನಸ್ 8,11,711 ಇದ್ದದ್ದರಿಂದ ಇನ್ನೂ 6 ಲಕ್ಷ ಕಳೆದ್ರೆ ಅದು ಇನ್ನೂ ಕೆಳಗೆ ಹೋಗಿ ಮೈನಸ್ 14,11,711 ಆಯ್ತು, ಬಡ್ಡಿಯ ಮೇಲೆ ಅಸಲನ್ನು ಎರಡು ಸಲ ಹೊರಿಸಿದ ಹಾಗೆ. ನಾನು ಮೇಲೆ ಕೊಟ್ಟದ್ದರಲ್ಲಿ PMTಯ ಮುಂದೆಯೇ ಒಂದು ಮೈನಸ್ ಹಾಕಿದ್ದೇನೆ, ಆಗ ಕಂತು ಪ್ಲಸ್ ಆಗಿ ಕಾಣ್ತದೆ, ಮುಂದಿನ ಲೆಕ್ಕ ಎಲ್ಲ ಸಾದಾ ಕಳೆಯುವ ಲೆಕ್ಕ. B3ರ ಮುಂದೆ ಮೈನಸ್ ಹಾಕಿದ್ರೂ ಆಗ್ತದೆ, ಎರಡು ಕಡೆ ಹಾಕಬೇಡಿ ಅಷ್ಟೆ.

B5 ಸರಿ ಉಂಟಾ ಅಂತ ನೋಡ್ಲಿಕ್ಕೆ ಇನ್ನೊಂದು ದಾರಿಯಿಂದಲೂ ಅದೇ ಉತ್ತರ ಬರ್ತದಾ ನೋಡಿ. CUMIPMT ಅಂತ ಒಂದು ಫಾರ್ಮುಲಾ ಉಂಟು, ಅದು ಒಂದನೇ ಕಂತಿನಿಂದ ಅರವತ್ತನೇ ಕಂತಿನವರೆಗಿನ ಬಡ್ಡಿಯನ್ನು ಮಾತ್ರ ಕೂಡಿಸಿ ಕೊಡ್ತದೆ.

```
=-CUMIPMT(B1/12,B2*12,B3,1,B2*12,0)
```

ಇದೂ 1,82,727 ಹೇಳ್ಬೇಕು. ಕೊನೆಯ 0 ಅಂದ್ರೆ ಕಂತು ತಿಂಗಳ ಕೊನೆಗೆ ಅಂತ, ಎಕ್ಸೆಲ್‌ನಲ್ಲಿ ಅದನ್ನು ಬಿಟ್ರೆ ಫಾರ್ಮುಲಾ ನಡೆಯುದಿಲ್ಲ. ಕಂಪ್ಯೂಟರ್ ಇಲ್ಲದೆ ಬಾಯಿಲೆಕ್ಕದಲ್ಲೂ ಅಂದಾಜು ಮಾಡ್ಬಹುದು. ಅಸಲು 6 ಲಕ್ಷದಿಂದ ಸೊನ್ನೆಗೆ ಇಳಿಯುವಾಗ ಸರಾಸರಿ ಹತ್ತಿರ ಹತ್ತಿರ ಅರ್ಧ ನಿಮ್ಮ ಕೈಯಲ್ಲಿ ಇರ್ತದೆ. 3 ಲಕ್ಷಕ್ಕೆ 11%ರ ಹಾಗೆ 5 ವರ್ಷಕ್ಕೆ 1,65,000. ನಿಜವಾದ ಬಡ್ಡಿ ಅದಕ್ಕಿಂತ ಸ್ವಲ್ಪ ಮೇಲೆ ಇರ್ಬೇಕು, ಯಾಕಂದ್ರೆ ಮೊದಮೊದಲು ಅಸಲು ನಿಧಾನ ಇಳೀತದೆ. 1,82,727 ಅದಕ್ಕೆ ಹೊಂದ್ತದೆ. ನಿಮ್ಮ ಹಳೆ ಲೆಕ್ಕದ 2,11,711 ಬಂದಿದ್ರೆ ಇಷ್ಟು ದೂರ ಯಾಕೆ ಅಂತ ಅಲ್ಲೇ ಅನುಮಾನ ಬರ್ಬೇಕು.

ಬ್ಯಾಂಕಿನ ಪಟ್ಟಿಗೂ ನಿಮ್ಮ ಶೀಟಿಗೂ ಕೊನೆಗೆ ಮೂವತ್ತು ನಲ್ವತ್ತು ರೂಪಾಯಿ ವ್ಯತ್ಯಾಸ ಕಂಡ್ರೆ ತಲೆಬಿಸಿ ಬೇಡ. ಅವರು 45 ಪೈಸೆ ಬಿಟ್ಟು 13,045 ತಕ್ಕೊಳ್ತಾರೆ, ಆ ಬಿಟ್ಟ ಪೈಸೆ ಬಡ್ಡಿ ಸಮೇತ ಬೆಳೆದು ಕೊನೆಯ ಕಂತು ಸುಮಾರು 36 ರೂಪಾಯಿ ಜಾಸ್ತಿ ಬರ್ತದೆ. ನೀವು ಹೆದರಿದ ಆ "ಆಮೇಲೆ ಏರಿಸುದು" ಈ ಲೆಕ್ಕದಲ್ಲಿ ಇರುದು ಅಷ್ಟೇ. ಆದ್ರೆ ಬಡ್ಡಿ ಫಿಕ್ಸೆಡ್ಡಾ ಫ್ಲೋಟಿಂಗಾ ಅಂತ ಮಾತ್ರ ಕೇಳಿ ಬರೆಸಿಕೊಳ್ಳಿ, ಫ್ಲೋಟಿಂಗ್ ಆದ್ರೆ ಮುಂದೆ ದರ ಏರಿದಾಗ ಕಂತು ಅಥವಾ ಅವಧಿ ಏರ್ತದೆ, ಅದನ್ನು ಇವತ್ತಿನ PMT ಹೇಳುದಿಲ್ಲ.

ಇನ್ನು ಫೈನಾನ್ಸಿನ 7%. ನಮ್ಮ ಕಡೆ ಗಾಡಿ ಸಾಲದಲ್ಲಿ ಜನ ಹೆಚ್ಚು ಬೀಳುದು ಇಲ್ಲೇ. 7 ಚಿಕ್ಕದು, 11 ದೊಡ್ಡದು, ಹಾಗಾಗಿ 7 ಅಗ್ಗ ಅಂತ ಅನಿಸುದು ಸಹಜ, ಆದ್ರೆ ಇವು ಎರಡು ಬೇರೆ ಬೇರೆ ಅಳತೆ, ಒಂದನ್ನು ಸೇರಿನಲ್ಲಿ ಇನ್ನೊಂದನ್ನು ಕಿಲೋದಲ್ಲಿ ಅಳೆದ ಹಾಗೆ. ಫ್ಲಾಟ್ ಅಂದ್ರೆ ನೀವು ಎಷ್ಟು ಅಸಲು ವಾಪಸ್ ಕೊಟ್ರೂ ಬಡ್ಡಿ ಕಡೆಯವರೆಗೂ ಪೂರ್ತಿ 6 ಲಕ್ಷದ ಮೇಲೆಯೇ. ವರ್ಷಕ್ಕೆ 42,000, ಐದು ವರ್ಷಕ್ಕೆ 2,10,000, ಅದನ್ನು ಅಸಲಿಗೆ ಸೇರಿಸಿ 8,10,000ವನ್ನು 60ರಿಂದ ಭಾಗಿಸಿ 13,500. ನಾಲ್ಕನೇ ವರ್ಷ ದಾಟಿ ನಿಮ್ಮ ಹತ್ತಿರ ಅವರ ದುಡ್ಡು ಒಂದು ಲಕ್ಷ ಚಿಲ್ಲರೆ ಮಾತ್ರ ಉಳಿದಿರುವಾಗಲೂ ನೀವು 6 ಲಕ್ಷದ ಬಡ್ಡಿ ಕೊಡ್ತಾ ಇರ್ತೀರಿ. ಫ್ಲಾಟ್ ಹೇಳುದು ಕಾನೂನು ತಪ್ಪು ಅಂತ ನಾನು ಹೇಳುದಲ್ಲ, ಹೋಲಿಸುವ ಮೊದಲು ಅದನ್ನು ಬ್ಯಾಂಕಿನ ಅಳತೆಗೆ ತರ್ಬೇಕು ಅಂತ. ಅದಕ್ಕೆ PMTಯ ಉಲ್ಟಾ ಕೆಲಸ ಮಾಡುವ RATE ಉಂಟು, ಕಂತು ಕೊಟ್ರೆ ಬಡ್ಡಿ ಹುಡುಕಿ ಕೊಡ್ತದೆ.

```
=RATE(60,-13500,600000)*12
```

ಉತ್ತರ 12.50%. ಸೆಲ್ಲಿನ ಫಾರ್ಮ್ಯಾಟನ್ನು ಪರ್ಸೆಂಟ್ ಮಾಡಿ ಎರಡು ದಶಮಾಂಶ ಇಡಿ, ಇಲ್ಲದಿದ್ರೆ 13% ಅಂತ ದುಂಡಾಗಿ ಕಾಣ್ಬಹುದು. ಇಲ್ಲಿ ಕಂತಿನ ಮುಂದೆ ಮೈನಸ್ ಬೇಕೇ ಬೇಕು, ಎರಡೂ ಪ್ಲಸ್ ಕೊಟ್ರೆ ದುಡ್ಡು ಬರುದೇ ಹೊರತು ಹೋಗುದೇ ಇಲ್ಲ ಅಂತ ಆಗಿ #NUM! ಬರ್ತದೆ. ಅಂದ್ರೆ ನಿಮ್ಮ ಹೋಲಿಕೆ 11ಕ್ಕೂ 7ಕ್ಕೂ ಅಲ್ಲ, 11ಕ್ಕೂ 12.5ಕ್ಕೂ.

ಅದರ ಮೇಲೆ ಎರಡು ಪ್ರಶ್ನೆ ಇಬ್ಬರ ಹತ್ತಿರವೂ ಕೇಳಿ. ಒಂದು, ಮೊದಲ ಕಂತು ಗಾಡಿ ಕೊಡುವ ದಿನವೇ ಹಿಡ್ಕೊಳ್ತೀರಾ ಅಂತ. ಹಾಗೆ ಮುಂಗಡ ಹಿಡಿದ್ರೆ ನಿಮ್ಮ ಕೈಗೆ 6 ಲಕ್ಷ ಬರುದೇ ಇಲ್ಲ, RATEನ ಬ್ರಾಕೆಟ್ಟಿನ ಒಳಗೆ 600000 ಆದ ಮೇಲೆ ,0,1 ಸೇರಿಸಿ ನೋಡಿ, ಅದೇ 13,500ರ ಸಾಲ 12.98% ಆಗ್ತದೆ. ಎರಡು, ಪ್ರೊಸೆಸಿಂಗ್ ಫೀಸು, ಇನ್ಶೂರೆನ್ಸ್, ಡಾಕ್ಯುಮೆಂಟ್ ಚಾರ್ಜು ಅಂತ ಸಾಲದಿಂದಲೇ ಎಷ್ಟು ಕಳೀತೀರಿ ಅಂತ. ಉದಾಹರಣೆಗೆ ಬ್ಯಾಂಕಿನವರೇ 9,000 ಫೀಸು ಕಳೆದು ಕೊಟ್ರೆ ನಿಮಗೆ ಸಿಗುದು 5,91,000, ಕಟ್ಟುದು ಮಾತ್ರ 6 ಲಕ್ಷದ ಕಂತು. RATEನಲ್ಲಿ ಕಂತು 13,045, ಮೊತ್ತ 591000 ಹಾಕಿದ್ರೆ 11.66% ಬರ್ತದೆ. ಹಾಗಾಗಿ ಬ್ಯಾಂಕು ಅಂದ ಕೂಡಲೆ ಕಣ್ಣು ಮುಚ್ಚಿ ಸೈನ್ ಹಾಕುದೂ ಬೇಡ.

ಇದನ್ನೆಲ್ಲ ನೀವೇ ಪತ್ತೇದಾರಿ ಮಾಡ್ಬೇಕಾದ ಕಾಲ ಈಗ ಅಲ್ಲ. 2024ರ ಅಕ್ಟೋಬರ್ 1ರಿಂದ ಕೊಡುವ ಹೊಸ ಚಿಲ್ಲರೆ ಸಾಲ ಮತ್ತು ಸಣ್ಣ ಉದ್ಯಮದ ಅವಧಿ ಸಾಲಗಳಿಗೆ ಬ್ಯಾಂಕು ಆಗ್ಲಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಫೈನಾನ್ಸ್ ಕಂಪೆನಿ ಆಗ್ಲಿ, ಸಹಿಗಿಂತ ಮೊದಲೇ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಒಂದು ಪತ್ರ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಉಂಟು, ನಿಮಗೆ ಅರ್ಥ ಆಗುವ ಭಾಷೆಯಲ್ಲಿ. ಅದರಲ್ಲಿ ಫೀಸು ಎಲ್ಲ ಸೇರಿಸಿದ ವಾರ್ಷಿಕ ದರ ಎಪಿಆರ್ ಅಂತ ಬರೆದಿರ್ತದೆ. ಇಬ್ಬರ ಹತ್ತಿರವೂ ಆ ಪತ್ರ ಕೇಳಿ, ಎರಡು ಎಪಿಆರ್ ಅಕ್ಕಪಕ್ಕ ಇಟ್ಟು ನೋಡಿ. ಕೊಡ್ಲಿಕ್ಕೆ ತಡ ಮಾಡುವವರ ಹತ್ತಿರ ನಾನಾದ್ರೆ ಸೈನ್ ಹಾಕುದಿಲ್ಲ. ಮಧ್ಯದಲ್ಲಿ ಸಾಲ ಪೂರ್ತಿ ಕಟ್ಟಿ ಮುಗಿಸಿದ್ರೆ ಎಷ್ಟು ಅಂತಲೂ ಬರವಣಿಗೆಯಲ್ಲಿ ಕೇಳಿ, ಫ್ಲಾಟ್ ಸಾಲದಲ್ಲಿ ಎರಡು ವರ್ಷಕ್ಕೆ ಮುಗಿಸ್ತೇನೆ ಅಂತ ಹೋದವರಿಗೆ ಬಾಕಿ ಅಂಕಿ ತಾವು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂದದ್ದನ್ನು ನಾನು ನೋಡಿದ್ದೇನೆ.

ಅವಧಿಯ ವಿಷಯ. ಈಗ ಶೀಟ್ ಸರಿ ಆಯ್ತಲ್ಲ, B2ರಲ್ಲಿ 5ರ ಬದಲು 4 ಹಾಕಿ ನೋಡಿ. ಕಂತು 15,507 ಆಗ್ತದೆ, ಒಟ್ಟು ಬಡ್ಡಿ 1,44,350ರ ಹತ್ತಿರಕ್ಕೆ ಇಳೀತದೆ. ತಿಂಗಳಿಗೆ ಸುಮಾರು 2,460 ಜಾಸ್ತಿ ಕಟ್ಟಿ ಒಟ್ಟಿನಲ್ಲಿ 38 ಸಾವಿರ ಉಳಿಸುವ ಅವಕಾಶ. ಆದ್ರೆ ನಿಮ್ಮ ಕಸುಬಿಗೆ ನಾನು ಇದನ್ನು ಒತ್ತಾಯ ಮಾಡುದಿಲ್ಲ, ಕಾರಣ ಮಳೆಗಾಲ.

PMT ಪ್ರತಿ ತಿಂಗಳೂ ಒಂದೇ ಅಂತ ಲೆಕ್ಕ ಹಾಕ್ತದೆ. ಮಲ್ಪೆ ಬಂದರಿನಲ್ಲಿ ಪ್ರತಿ ತಿಂಗಳೂ ಒಂದೇ ಅಲ್ಲ ಮಾರಾಯ್ರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗೆ ನಿಷೇಧ, 61 ದಿನ ನಿಮ್ಮ ಗಾಡಿಗೆ ಲೋಡು ಇಲ್ಲ ಅಥವಾ ತೀರಾ ಕಡಿಮೆ, ಕಂತು ಮಾತ್ರ ಎರಡೂ ತಿಂಗಳು ಬರ್ತದೆ. ಒಂದು ಕಂತು ತಪ್ಪಿದ್ರೆ ದಂಡ ಬೀಳ್ತದೆ, ಸಿಬಿಲ್‌ನಲ್ಲಿ ಗುರುತು ಬೀಳ್ತದೆ, ಮುಂದಿನ ಸಾಲಕ್ಕೆ ಅದು ಅಡ್ಡ ಬರ್ತದೆ. ಹಾಗಾಗಿ ಶೀಟಲ್ಲಿ B6 ಅಂತ ಇನ್ನೊಂದು ಸಾಲು ಸೇರಿಸಿ, ಹನ್ನೆರಡು ಕಂತನ್ನು ಹತ್ತು ತಿಂಗಳ ದುಡಿಮೆಯಲ್ಲಿ ತೆಗೆದಿಡ್ಲಿಕ್ಕೆ ಎಷ್ಟು ಬೇಕು ಅಂತ ನೋಡ್ಲಿಕ್ಕೆ.

```
=B4*12/10
```

15,655 ಬರ್ತದೆ. ಆಗಸ್ಟಿನಿಂದ ಮೇವರೆಗೆ ಡೀಸೆಲ್, ಡ್ರೈವರ್, ಐಸು, ಟಯರು ಎಲ್ಲ ಕಳೆದು ತಿಂಗಳಿಗೆ ಇಷ್ಟು ತೆಗೆದಿಡ್ಲಿಕ್ಕೆ ಆಗ್ತದಾ ಅಂತ ಹೋದ ವರ್ಷದ ನಿಮ್ಮದೇ ಲೆಕ್ಕದ ಪುಸ್ತಕ ತೆಗೆದು ನೋಡಿ. ಆಗ್ತದೆ ಅಂತಾದ್ರೆ 5 ವರ್ಷದ್ದನ್ನೇ ತೆಗೀರಿ, ಮತ್ತೆ ಒಳ್ಳೆ ಬಂಗುಡೆ ಬೂತಾಯಿ ಸಿಕ್ಕಿದ ಸೀಸನ್ನಿನಲ್ಲಿ ಕೈಯಲ್ಲಿ ಉಳಿದದ್ದನ್ನು ಅಸಲಿಗೆ ಅಂತ ಬರೆಸಿ ಕಟ್ಟಿ, ಪಾರ್ಟ್ ಪೇಮೆಂಟಿಗೆ ಚಾರ್ಜು ಉಂಟಾ ಅಂತ ಮೊದಲೇ ಕೇಳಿ ಇಟ್ಕೊಳ್ಳಿ. ಅಷ್ಟು ಆಗುದಿಲ್ಲ ಅಂತ ಪುಸ್ತಕ ಹೇಳಿದ್ರೆ B3ರಲ್ಲಿ 6 ಲಕ್ಷದ ಬದಲು 5 ಲಕ್ಷ ಹಾಕಿ ಮತ್ತೊಮ್ಮೆ ನೋಡಿ. ಆಗ ಕಂತು 10,871, ಹತ್ತು ತಿಂಗಳ ಲೆಕ್ಕದಲ್ಲಿ 13,045. ಬಾಕಿ ಒಂದು ಲಕ್ಷಕ್ಕೆ ಮನೆಯಲ್ಲಿ ಏನಾದ್ರೂ ದಾರಿ ಉಂಟಾ, ಇಲ್ಲ ಸೆಕೆಂಡ್ ಹ್ಯಾಂಡ್ ಗಾಡಿ ಸಾಕಾ ಅಂತ ಯೋಚನೆ ಮಾಡಿ, ಆಮೇಲೆ ಬ್ಯಾಂಕಿಗೆ ಹೋಗಿ.